ಆ ‘ಇದ್ದರೆ’ಯನ್ನು ತೆಗೆದುಬಿಡಿ

*ಸಂಪಾದಕರೇ, ಕಲಬುರಗಿಯಲ್ಲಿ ನಮ್ಮ ಖಾನಾವಳಿಯ ಮೂರು ಶಾಖೆ ಇವೆ. ಎಳ್ಳಮಾಸಿಗೆ ‘ಹೊಲ್ದಾಗ ಏನದ? ಎಲ್ಲಾ ನಮ್ಮಲ್ಲೇ ಅದ!’ ಅಂತ ಫ್ಲೆಕ್ಸ್ ಹಾಕಿಸಿದೆ, ಫೇಸ್‌ಬುಕ್‌ಗೂ ಬಿಟ್ಟೆ. ರೈತರನ್ನು ಅಣಕಿಸಿದೆ ಅಂತ ಜನ ಬೈದರು. ‘ಯಾರ ಭಾವನೆಗಾದರೂ ನೋವಾಗಿದ್ದರೆ ವಿಷಾದಿಸುತ್ತೇವೆ’ ಅಂತ ಹೇಳಿಕೆ ಕೊಟ್ಟೆ. ಇನ್ನೂ ಜಾಸ್ತಿ ಬೈದರು. ಕ್ಷಮೆ ಕೇಳಿದ್ದೇ ತಪ್ಪಾಯ್ತಾ?*
*– ಹೆಸರು ಹಾಕಬೇಡಿ ಎಂದ ಓದುಗರು, ಕಲಬುರಗಿ*

ನೀವು ಕ್ಷಮೆ ಕೇಳಿದಿರಿ ಅನ್ನುತ್ತೀರಿ. ನಿಮ್ಮ ಹೇಳಿಕೆಯನ್ನು ಎರಡು ಸಲ ಓದಿದೆ, ಅದರಲ್ಲಿ ಕ್ಷಮೆ ಎಲ್ಲೂ ಸಿಗಲಿಲ್ಲ. ‘ನೋವಾಗಿದ್ದರೆ’ ಅಂದರೆ ಆಗಿರಲಿಕ್ಕೂ ಸಾಕು, ಇಲ್ಲದಿರಲಿಕ್ಕೂ ಸಾಕು ಎಂದಂತೆ. ಇನ್ನು ‘ಯಾರ ಭಾವನೆಗಾದರೂ’. ಯಾರದು ಅಂತ ನಿಮಗೂ ಗೊತ್ತು, ಬೈದವರಿಗೂ ಗೊತ್ತು. ಈ ಸಲ ನೆಟೆ ರೋಗ ಬಿದ್ದು ತೊಗರಿ ಕಳೆದುಕೊಂಡವರದು. ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ದೂರದಿಂದ ನೋಡಿದರೆ ಬೆಳೆ ಬಂದ ಹಾಗೇ ಕಾಣುತ್ತದೆ, ಕೈಯಲ್ಲಿ ಹಿಡಿದರೆ ಜೊಳ್ಳು. ಅಂಥ ಹೊಲಕ್ಕೇ ಬಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ ಚರಗ ಚೆಲ್ಲಿ ಬಂದವರು, ಊರೊಳಗೆ ಬರುವಾಗ ನಿಮ್ಮ ಫ್ಲೆಕ್ಸ್ ಓದಿದ್ದಾರೆ. ‘ಹೊಲ್ದಾಗ ಏನದ?’

ಊಟಕ್ಕೆ ಕರೆಯೋದು ನಿಮ್ಮ ಉದ್ದೇಶವಾಗಿತ್ತು, ಒಪ್ಪುತ್ತೇನೆ. ಬೇರೆ ವರ್ಷವಾಗಿದ್ದರೆ ಜನ ನಕ್ಕು ಸುಮ್ಮನಾಗುತ್ತಿದ್ದರೇನೋ. ಆದರೆ ಹೇಳಿಕೆಯಲ್ಲಿ ಉದ್ದೇಶದ ಮಾತು ಬೇಡ. ‘ನಮ್ಮ ಉದ್ದೇಶ ಹಾಗಿರಲಿಲ್ಲ’ ಅಂತ ಶುರು ಮಾಡಿದರೆ, ತಪ್ಪು ತಿಳಿದುಕೊಂಡವರು ನೀವೇ ಅಂತ ಓದುಗರ ಮೇಲೆ ಹಾಕಿದಂತಾಗುತ್ತದೆ.

ಗದ್ದಲವಾದಾಗೆಲ್ಲ ತಪ್ಪು ಒಪ್ಪಲೇಬೇಕು ಅಂತ ನಾನು ಹೇಳುತ್ತಿಲ್ಲ. 2020ರ ಅಕ್ಟೋಬರ್‌ನಲ್ಲಿ ತನಿಷ್ಕ್‌ನವರ ಜಾಹೀರಾತು ನೆನಪಿದೆಯಾ? ಮುಸ್ಲಿಂ ಮನೆಯಲ್ಲಿ ಹಿಂದೂ ಸೊಸೆಗೆ ಸೀಮಂತ ಮಾಡುವುದು. ಗಲಾಟೆಯಾಗಿ ಅವರು ಅದನ್ನು ಹಿಂತೆಗೆದುಕೊಂಡರು. ಹೇಳಿಕೆಯಲ್ಲಿ ಜನರ ನೋವಿನ ಜೊತೆ ತಮ್ಮ ಸಿಬ್ಬಂದಿ, ಅಂಗಡಿಯವರ ಹಿತವನ್ನೂ ಕಾರಣ ಕೊಟ್ಟರು. ಜಾಹೀರಾತೇ ತಪ್ಪು ಅಂತ ಮಾತ್ರ ಅನ್ನಲಿಲ್ಲ. ನನ್ನ ಕೇಳಿದರೆ, ತಪ್ಪು ಇರಲೂ ಇಲ್ಲ. 2017ರಲ್ಲಿ ಪೆಪ್ಸಿಯದು ಬೇರೆ ಕಥೆ. ಪ್ರತಿಭಟನೆಯನ್ನು ತಂಪು ಪಾನೀಯ ಮಾರುವ ಆಟ ಮಾಡಿಕೊಂಡಿದ್ದರು. ಮರುದಿನವೇ ಜಾಹೀರಾತು ಇಳಿಸಿ, ನಮ್ಮ ಗುರಿ ತಪ್ಪಿತು, ಕ್ಷಮಿಸಿ ಎಂದರು. ಹಾಗಾಗಿ ಬರೆಯಲು ಕೂರುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ, ನಾನು ತಪ್ಪು ಮಾಡಿದ್ದೇನಾ? ಹೌದು ಎಂದಾದರೆ ‘ವಿಷಾದ’ ಸಾಲದು. ಅದು ಮಳೆ ಬಂದು ಕಾರ್ಯಕ್ರಮ ನಿಂತಾಗ ಹಾಕುವ ಪದ.

ನಾನಾದರೆ ಹೀಗೆ ಬರೆಯುತ್ತಿದ್ದೆ:

“ಎಳ್ಳಮಾಸಿಗೆ ನಾವು ‘ಹೊಲ್ದಾಗ ಏನದ?’ ಎಂದು ಜಾಹೀರಾತು ಹಾಕಿದ್ದೆವು. ತೊಗರಿ ಒಣಗಿ ನಷ್ಟದಲ್ಲಿರುವ ರೈತರನ್ನು ಅದು ಅಣಕಿಸಿತು. ಬರೆಸಿದ್ದು ನಾನು, ತಪ್ಪು ನನ್ನದು. ಕ್ಷಮಿಸಿ. ಮೂರೂ ಕಡೆಯ ಫ್ಲೆಕ್ಸ್ ಇಳಿಸಿದ್ದೇವೆ, ಫೇಸ್‌ಬುಕ್ ಜಾಹೀರಾತು ನಿಲ್ಲಿಸಿದ್ದೇವೆ.” ಕೆಳಗೆ ನಿಮ್ಮ ಹೆಸರು. ‘ಆಡಳಿತ ಮಂಡಳಿ’ ಬೇಡ.

ಆಕ್ಷೇಪಕ್ಕೆ ಕಾರಣವಾದ ಸಾಲನ್ನು ಮತ್ತೆ ಬರೆಯೋದ್ಯಾಕೆ ಅಂತೀರೇನೋ. ಅದನ್ನು ಬಚ್ಚಿಟ್ಟರೆ ಯಾವುದಕ್ಕೆ ಕ್ಷಮೆ ಅಂತ ತಿಳಿಯುವುದಿಲ್ಲ. ಸ್ಕ್ರೀನ್‌ಶಾಟ್ ಹೇಗೂ ಎಲ್ಲ ವಾಟ್ಸ್ಆ್ಯಪ್ ಗುಂಪಿನಲ್ಲೂ ಓಡಾಡುತ್ತಿದೆ, ಅಲ್ವಾ? ಫ್ಲೆಕ್ಸ್ ಬರೆದುಕೊಟ್ಟ ಹುಡುಗನ ಮೇಲೂ ಹಾಕಬೇಡಿ, ಒಪ್ಪಿ ದುಡ್ಡು ಕೊಟ್ಟವರು ನೀವು. ರೈತರಿಗೆ ಏನಾದರೂ ಕೊಡುವ ಮನಸ್ಸಿದ್ದರೆ ಕೊಡಿ, ಆದರೆ ಇದೇ ಹೇಳಿಕೆಯಲ್ಲಿ ಸೇರಿಸಬೇಡಿ. ಸೇರಿಸಿದರೆ ಅದು ಇನ್ನೊಂದು ಜಾಹೀರಾತು.

ನಿಮ್ಮ ವಿಷಯದಲ್ಲಿ ಬೈಗುಳ ಜಾಸ್ತಿಯಾಗಲು ಇನ್ನೊಂದು ಕಾರಣವಿದೆ. ನಿಮ್ಮ ಪೇಜಿನಲ್ಲಿ ಹೇಳಿಕೆ ಬಂದ ರಾತ್ರಿಯೇ ನನ್ನ ಫೋನಿನಲ್ಲಿ ಅದೇ ಹಳೆ ಜಾಹೀರಾತು ಮತ್ತೆ ಬಂತು, ‘ಪ್ರಾಯೋಜಿತ’ ಎಂಬ ಗುರುತಿನೊಂದಿಗೆ. ದುಡ್ಡು ಕೊಟ್ಟು ಬೂಸ್ಟ್ ಮಾಡಿದ್ದು, ಗೊತ್ತು ಮಾಡಿದ ಅವಧಿ ಮುಗಿಯುವವರೆಗೆ ತಾನಾಗಿ ನಿಲ್ಲೋದಿಲ್ಲ, ನೀವೇ ಹೋಗಿ ನಿಲ್ಲಿಸಬೇಕು. ಪೇಜನ್ನು ಹುಡುಗರು ನೋಡಿಕೊಳ್ಳುತ್ತಿದ್ದರೆ ಅವರ ಪಕ್ಕದಲ್ಲೇ ಕುಳಿತು ನಿಲ್ಲಿಸಿ.

ಹಾಂ, ನಾನು ಬರೆದುಕೊಟ್ಟ ಹೇಳಿಕೆಯನ್ನು ಈಗಲೇ ಹಾಕಬೇಡಿ. ಅದರಲ್ಲಿ ‘ಮೂರೂ ಕಡೆ’ ಅಂತಿದೆ. ಸೇಡಂ ರಸ್ತೆಯ ಫ್ಲೆಕ್ಸ್ ನಿನ್ನೆ ಸಂಜೆಯೂ ಅಲ್ಲೇ ಇತ್ತು.