ನೇರ ಧಾರೆ ಎಲ್ಲಿ, ತುಂತುರು ಎಲ್ಲಿ?

ಹುಬ್ಬಳ್ಳಿಯಲ್ಲಿ ಹತ್ತಿ ಗೋದಾಮಿಗೆ ಬೆಂಕಿ ಬಿದ್ದಾಗ ಅಗ್ನಿಶಾಮಕದವರು ನೀರನ್ನು ಒಮ್ಮೆ ನೇರವಾಗಿ, ಒಮ್ಮೆ ತುಂತುರಾಗಿ ಬಿಡುತ್ತಿದ್ದರು. ಯಾಕೆ?

ದೂರದ ಬೆಂಕಿಯ ಬುಡಕ್ಕೆ ನೀರು ಮುಟ್ಟಬೇಕಾದರೆ ನೇರ ಧಾರೆ, ಹತ್ತಿರದ ಶಾಖ ಬೇಗ ಇಳಿಸಬೇಕಾದರೆ ತುಂತುರು. ಹನಿ ಸಣ್ಣದಾದಷ್ಟೂ ಅಷ್ಟೇ ನೀರಿಗೆ ಬಿಸಿ ತಾಗುವ ಮೈ ಜಾಸ್ತಿ, ಬೇಗ ಆವಿಯಾಗಿ ಶಾಖ ಹೀರುತ್ತದೆ. ಆದರೆ ಸಣ್ಣ ಹನಿ ದೂರ ಹೋಗುವುದಿಲ್ಲ. ದಾರಿಯಲ್ಲೇ ಆವಿಯಾಗುತ್ತದೆ, ಇಲ್ಲವೆ ಗಾಳಿಗೆ ಹಾರುತ್ತದೆ.

ಅದಕ್ಕೇ ಬಾಗಿಲಲ್ಲಿ ನಿಂತು ಒಳಗೆ ಒತ್ತಿ ಕಟ್ಟಿದ ಹತ್ತಿ ಬೇಲುಗಳಿಗೆ ನೇರ ಧಾರೆ ಹೊಡೆಯುತ್ತಾರೆ. ಬಿಡಿ ಹತ್ತಿ ರಾಶಿಗೆ ಮಾತ್ರ ಜೋರು ಧಾರೆ ಬೇಡ. ಉರಿಯುವ ಹತ್ತಿ ಚದುರಿ ಬೆಂಕಿ ಹರಡುತ್ತದೆ. ಅಲ್ಲಿ ತುಂತುರೇ ಸರಿ.

ಮುಚ್ಚಿದ ಕೋಣೆಯಲ್ಲಿ ಜನ ಸಿಕ್ಕಿಕೊಂಡಿದ್ದರೆ ಅಗಲವಾದ ತುಂತುರು ಅಪಾಯ. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಆ ಬಿಸಿ ಹಬೆ ಒಳಗಿದ್ದವರನ್ನೇ ಸುಡುತ್ತದೆ. ತುಂತುರು ತನ್ನ ಜೊತೆ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ, ಅದೂ ಬೆಂಕಿಗೆ ಅನುಕೂಲವೇ ಅಲ್ವಾ? ಆದರೆ ಬೆಂಕಿ ತಗ್ಗಿದ ಮೇಲೆ ಇದೇ ಗುಣ ಕೆಲಸಕ್ಕೆ ಬರುತ್ತದೆ. ಒಳಗೆ ನಿಂತು ಕಿಟಕಿಯಿಂದ ಹೊರಕ್ಕೆ ತುಂತುರು ಬಿಟ್ಟರೆ, ಅದರ ಹಿಂದೆಯೇ ಹೊಗೆಯೂ ಹೊರಗೆ ಹೋಗುತ್ತದೆ.