ಸಾಹುಕಾರರ ಬಾಮೈದ ಕೊಟ್ಟ ಉದ್ರಿಗೆ ಗುಮಾಸ್ತ ಹೊಣೆಯೇ?

ಪ್ರಶ್ನೆ: ತೀರ್ಥಹಳ್ಳಿ ಕಡೆ ಗೊಬ್ಬರ, ಔಷಧಿ ಅಂಗಡೀಲಿ ಲೆಕ್ಕ ಬರೀತೀನಿ. ಸಾಹುಕಾರರ ಬಾಮೈದ ಗಲ್ಲಾದಿಂದ ದುಡ್ಡು ತಗೋತಾರೆ, ತಮಗೆ ಬೇಕಾದವರಿಗೆ ಉದ್ರಿ ಕೊಡ್ತಾರೆ. ಕಡಿಮೆ ಬಂದ್ರೆ ಕೇಳೋದು ನನ್ನನ್ನ. ಏನು ಮಾಡ್ಲಿ?

ಅವರ ಅಧಿಕಾರ ಕಡಿಮೆ ಮಾಡಿ ಅಂತ ಸಾಹುಕಾರರ ಹತ್ರ ಕೇಳೋಕೆ ಹೋಗಬೇಡಿ. ಅದು ಮನೆಯ ವಿಷಯವಾಗಿ ತಿರುಗುತ್ತೆ, ನೀವು ಹೊರಗಿನವರಾಗ್ತೀರಿ. ಬಾಮೈದ ಮುಟ್ಟಿದ ಪ್ರತಿ ವ್ಯವಹಾರದ ಮೇಲೂ ಬಾಮೈದನ ಹೆಸರೇ ಉಳಿಯೋ ಹಾಗೆ ಲೆಕ್ಕ ಬರೆಯಿರಿ. ಅಷ್ಟು ನಿಮ್ಮ ಕೈಯಲ್ಲಿದೆ.

ಮೊದಲು ಗಲ್ಲಾ. ಕಾರ್ಬನ್ ಹಾಕಿ ಬರೆಯೋ ಚೀಟಿ ಪುಸ್ತಕ ಒಂದಿಡಿ. ತಾರೀಕು, ಮೊತ್ತ, ಯಾವ ಬಾಬ್ತು, ತಗೊಂಡವರ ಸಹಿ, ಇಷ್ಟು ಸಾಕು. ದಿನಾ ಸಂಜೆ ಶಿಲ್ಕು ತಾಳೆ ನೋಡಿ. ಉದಾಹರಣೆಗೆ ಬೆಳಗಿನ ಶಿಲ್ಕು 8,000, ನಗದು ವ್ಯಾಪಾರ 46,500, ಹಳೆ ಉದ್ರಿ ವಸೂಲಿ 12,000. ಬ್ಯಾಂಕಿಗೆ ಕಟ್ಟಿದ್ದು 40,000, ಹಮಾಲಿ ಮತ್ತು ಚಿಲ್ಲರೆ ಖರ್ಚು 1,300. ಗಲ್ಲಾದಲ್ಲಿ 25,200 ಇರಬೇಕು, ಎಣಿಸಿದರೆ 20,200 ಇದೆ. ಬಾಮೈದ ಮಧ್ಯಾಹ್ನ 5,000 ತಗೊಂಡಿದ್ದಕ್ಕೆ ಚೀಟಿ ಇದ್ದರೆ ಲೆಕ್ಕ ಅಲ್ಲಿಗೇ ಕೂಡಿತು. ಇಲ್ಲದಿದ್ದರೆ ಆ 5,000 ನಿಮ್ಮ ತಲೆ ಮೇಲೆ. ಅವರು ಸಹಿ ಹಾಕಲ್ಲ ಅಂದರೆ ಜಗಳ ಬೇಡ. ಚೀಟಿ ನೀವೇ ಬರೆದು, ಅದರ ಫೋಟೋ ಆ ಕ್ಷಣವೇ ಸಾಹುಕಾರರಿಗೆ ವಾಟ್ಸಾಪ್ ಮಾಡಿ: ‘ಇಂಥವರಿಗೆ 5,000 ಕೊಟ್ಟಿದೆ.’ ಸಂಜೆವರೆಗೆ ಕಾಯಬೇಡಿ, ತಡವಾದಷ್ಟೂ ಅದು ದೂರಿನ ಹಾಗೆ ಕಾಣುತ್ತೆ.

ಈ ದುಡ್ಡನ್ನು ಎಲ್ಲಿ ಬರೀತೀರಿ ಅನ್ನೋದೂ ಅಷ್ಟೇ ಮುಖ್ಯ. ಸುಲಭ ಅಂತ ‘ಇತರೆ ಖರ್ಚಿ’ಗೆ ತಳ್ಳೋದು ಎಲ್ಲಾ ಕಡೆ ಇರೋ ಅಭ್ಯಾಸ, ಕೆಟ್ಟ ಅಭ್ಯಾಸ. ಮನೆ ಖರ್ಚನ್ನ ವ್ಯಾಪಾರದ ಖರ್ಚು ಅಂತ ತೋರಿಸಿದರೆ ಆದಾಯ ತೆರಿಗೆಯಲ್ಲಿ ಅದು ನಿಲ್ಲಲ್ಲ, ಜೊತೆಗೆ ಯಾರು ಎಷ್ಟು ತಗೊಂಡರು ಅನ್ನೋದೇ ಮುಚ್ಚಿಹೋಗುತ್ತೆ. ಬಾಮೈದನ ಹೆಸರಲ್ಲೇ ಒಂದು ಖಾತೆ ತೆರೆದು ಅಲ್ಲಿ ಬರೆಯಿರಿ. ತಿಂಗಳ ಕೊನೆಗೆ ಆ ಖಾತೆಯ ಒಂದು ಹಾಳೆ ಸಾಹುಕಾರರ ಮುಂದೆ ಇಟ್ಟು, ಇದು ಸಂಬಳವೋ, ಸಾಹುಕಾರರ ಸ್ವಂತ ಡ್ರಾಯಿಂಗ್ಸೋ, ಬಾಮೈದ ವಾಪಸ್ ಕೊಡಬೇಕಾದ್ದೋ ಅಂತ ಸಾಹುಕಾರರ ಬಾಯಿಂದಲೇ ಹೇಳಿಸಿ.

ಉದ್ರಿ ಇದಕ್ಕಿಂತ ದೊಡ್ಡ ಅಪಾಯ, ಅದರಲ್ಲೂ ನಮ್ಮ ಮಲೆನಾಡಲ್ಲಿ. ಕೊಳೆರೋಗಕ್ಕೆ ಬೋರ್ಡೋ ಹೊಡೆಯೋಕೆ ಮೈಲುತುತ್ತ, ಸುಣ್ಣ ಮಳೆಗಾಲದ ಬಾಗಿಲಲ್ಲೇ ಹೋಗುತ್ತೆ. ದುಡ್ಡು ಬರೋದು ಅಡಿಕೆ ಕೊಯ್ದು, ಒಣಗಿಸಿ, ಮಂಡಿಗೆ ಹಾಕಿದ ಮೇಲೆ. ಜೂನಲ್ಲಿ ಬಾಯಿಮಾತಲ್ಲಿ ಕೊಟ್ಟ ಉದ್ರಿ ತಪ್ಪಿದೆ ಅಂತ ಗೊತ್ತಾಗೋಷ್ಟರಲ್ಲಿ ಜನವರಿ ಆಗಿರುತ್ತೆ, ಅಷ್ಟರಲ್ಲಿ ಯಾರು ಕೊಡಿಸಿದ್ದು ಅಂತ ಯಾರಿಗೂ ನೆನಪಿರಲ್ಲ. ಅದಕ್ಕೇ ಉದ್ರಿ ಬಿಲ್ಲಿನಲ್ಲಿ ಎರಡು ಸಹಿ ಬೇಕು: ಮಾಲು ಒಯ್ದವರದ್ದು, ‘ಉದ್ರಿ ಒಪ್ಪಿದವರು’ ಅನ್ನೋ ಜಾಗದಲ್ಲಿ ಬಾಮೈದನದ್ದು. ಗಿರಾಕಿ ಸಹಿ ಬರೀ ಶಿಸ್ತಿಗಲ್ಲ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಬರೆದಿದೆ ಅನ್ನೋದೊಂದರಿಂದಲೇ ಕೋರ್ಟಿನಲ್ಲಿ ಬಾಕಿ ಸಾಬೀತಾಗಲ್ಲ. ಸಾಮಾನ್ಯವಾಗಿ ದಾವೆ ಹಾಕೋ ಅವಧಿಯೂ 3 ವರ್ಷ ಮಾತ್ರ. ಅದು ಮುಗಿಯೋ ಮೊದಲು ಬಾಕಿ ಒಪ್ಪಿ ಸಹಿ ಹಾಕಿಕೊಟ್ಟರೆ ಅವಧಿ ಹೊಸದಾಗಿ ಶುರುವಾಗುತ್ತೆ.

ಇನ್ನೊಂದು ಸೋರಿಕೆ ಕಣ್ಣಿಗೆ ಬೀಳೋದಿಲ್ಲ. ಬಿಲ್ಲು ಉದ್ರಿ ಅಂತ ಇರುತ್ತೆ, ಗಿರಾಕಿ ದುಡ್ಡನ್ನ ಬಾಮೈದನ ಸ್ವಂತ ಫೋನ್ ನಂಬರಿಗೆ ಹಾಕಿರ್ತಾರೆ. ಪತ್ತೆ ಮಾಡೋಕೆ ಒಂದೇ ದಾರಿ: ಪ್ರತಿ ತಿಂಗಳೂ ಎಲ್ಲಾ ಉದ್ರಿದಾರರಿಗೆ, ಬಾಮೈದ ಕೊಡಿಸಿದವರಿಗೆ ಮಾತ್ರ ಅಲ್ಲ, ಅಂಗಡಿ ನಂಬರಿನಿಂದ ಬಾಕಿ ಎಷ್ಟು ಅಂತ ಮೆಸೇಜ್ ಕಳಿಸಿ. ‘ನಾನು ಆವಾಗ್ಲೇ ಕೊಟ್ನಲ್ಲ ಮಾರಾಯ್ರೆ’ ಅಂತ ಉತ್ತರ ಬಂದ ಕಡೆ ಹಣ ಹಾಕಿದ ಸ್ಕ್ರೀನ್‌ಶಾಟ್ ಕೇಳಿ ಇಟ್ಕೊಳ್ಳಿ. ಯಾರ ಮೇಲೂ ಆರೋಪ ಹೊರಿಸಬೇಡಿ, ಮೆಸೇಜನ್ನ ಹಾಗೇ ಸಾಹುಕಾರರಿಗೆ ತೋರಿಸಿ.

ಬಾಮೈದ ಎಷ್ಟರವರೆಗೆ ಉದ್ರಿ ಕೊಡಬಹುದು ಅನ್ನೋ ಮಿತಿಯನ್ನ ಸಾಹುಕಾರರೇ, ಬಾಮೈದ ಎದುರಿಗಿರುವಾಗಲೇ ಹೇಳಬೇಕು. ನೀವು ಹೇಳಿದರೆ ನಿಲ್ಲಲ್ಲ. ‘ಆಡಿಟರ್ ಹೀಗೆ ಇಡಿ ಅಂದಿದ್ದಾರೆ’ ಅಂತ ಆಡಿಟರಿಂದಲೇ ಮಾತು ಶುರು ಮಾಡಿಸಿದರೆ ಯಾರ ಮುಖಕ್ಕೂ ಹೊಡೆದ ಹಾಗಾಗಲ್ಲ. ಮಿತಿ ತೀರ್ಮಾನವಾದ ಮೇಲೆ ಟ್ಯಾಲಿಯಲ್ಲಿ ಪ್ರತಿ ಗಿರಾಕಿ ಖಾತೆಗೂ ಕ್ರೆಡಿಟ್ ಲಿಮಿಟ್ ಹಾಕಿ. ನಿಮಗೂ ಬಾಮೈದನಿಗೂ ಬೇರೆ ಬೇರೆ ಲಾಗಿನ್ ಇರಲಿ, ಪಾಸ್‌ವರ್ಡ್ ಹಂಚಿಕೊಳ್ಳಬೇಡಿ.

ಇಷ್ಟಾದರೂ ಸಾಹುಕಾರರು ‘ಮನೆಯವರಿಗೆಂಥ ಚೀಟಿ’ ಅಂದರೆ, ಗಲ್ಲಾದ ಬೀಗದ ಕೈ ಅವರಿಗೇ ಒಪ್ಪಿಸಿ, ಒಪ್ಪಿಸಿದ ದಿನದ ಶಿಲ್ಕಿಗೆ ಸಹಿ ತಗೊಳ್ಳಿ. ಅಲ್ಲಿಂದ ನೀವು ಲೆಕ್ಕ ಬರೆಯೋದು ಮಾತ್ರ, ನಗದು ಕಾಯೋದಲ್ಲ. ಕಡಿಮೆ ಬಂದ ದುಡ್ಡನ್ನ ನಿಮ್ಮ ಸಂಬಳದಲ್ಲಿ ಹಿಡಿಯೋಕೆ ಹೊರಟರೆ, ನಷ್ಟ ನಿಮ್ಮ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಮೊದಲು ನಿಮ್ಮ ವಿವರಣೆ ಕೇಳಿರಬೇಕು ಅಂತ ವೇತನ ಕಾನೂನು ಹೇಳುತ್ತೆ. ಆ ವಿವರಣೆ ಕೊಡುವಾಗ ನಿಮ್ಮ ಕೈಯಲ್ಲಿರೋದು ಈ ಚೀಟಿಗಳ ಕಾರ್ಬನ್ ಪ್ರತಿಯೇ, ಹಾಗಾಗಿ ಅವುಗಳ ಫೋಟೋವನ್ನ ಅಂಗಡಿ ಹೊರಗೂ ಒಂದು ಕಡೆ ಇಟ್ಕೊಳ್ಳಿ.