ನಾಯಿಯ ಭಯ: ಮುಟ್ಟಿಸುವ ಮೊದಲು

"ಏಳು ವರ್ಷದ ಮಗಳು ನಾಯಿ ಕಂಡರೆ ಚೀರಿ ಓಡುತ್ತಾಳೆ. ಧೈರ್ಯ ಬರಲೆಂದು ಹಿಡಿದು ಮುಟ್ಟಿಸಿಬಿಡಲೇ?"

ದಯವಿಟ್ಟು ಹಾಗೆ ಮಾಡಬೇಡಿರಿ. ಬಲವಂತದಿಂದ ಭಯ ಇನ್ನಷ್ಟು ಗಟ್ಟಿಯಾಗಬಹುದು. ಮೊದಲು ಮಗಳನ್ನೇ ಕೇಳಿ, ನಾಯಿಯ ಚಿತ್ರ ನೋಡುವುದು, ಮೊಬೈಲಿನಲ್ಲಿ ಬೊಗಳುವ ಸದ್ದು ಕೇಳುವುದು, ಪರಿಚಿತರ ಮನೆಯ ಕಟ್ಟಿಹಾಕಿದ ನಾಯಿಯನ್ನು ಗೇಟಿನ ಹೊರಗಿನಿಂದ ನೋಡುವುದು, ಅದರ ಹತ್ತಿರ ಹೋಗುವುದು, ಇವಕ್ಕೆಲ್ಲ ಸೊನ್ನೆಯಿಂದ ಹತ್ತರವರೆಗೆ ಭಯದ ಅಂಕ ಹಾಕಿಸಿರಿ. ಮೂರು ಅಂಕದ ಆಸುಪಾಸಿನ ಮೆಟ್ಟಿಲಿನಿಂದ ಪ್ರಾರಂಭಿಸಿರಿ.

ಗೇಟಿನ ಬಳಿ ನಿಂತಾಗ ಅವಳು ಆರು ಎಂದರೆ, ಅದು ಮೂರಕ್ಕೆ ಇಳಿಯುವವರೆಗೆ ಅಲ್ಲಿಯೇ ನಿಲ್ಲಿರಿ, ಏಕೆಂದರೆ ಭಯ ತುತ್ತತುದಿಯಲ್ಲಿದ್ದಾಗ ಹಿಂದಿರುಗಿದರೆ ಓಡಿದ್ದರಿಂದಲೇ ಪಾರಾದೆನೆಂದು ಮನಸ್ಸು ಕಲಿಯುತ್ತದೆ. ಇಳಿಯದೇ ಹೋದರೆ ಮೆಟ್ಟಿಲು ಎತ್ತರವಾಯಿತೆಂದು ತಿಳಿದು, ಎರಡು ಹೆಜ್ಜೆ ಹಿಂದೆ ನಿಂತು ಮುಂದುವರಿಸಿರಿ. ಮರುದಿನವೂ ಅದೇ ಮೆಟ್ಟಿಲು. ಶುರುವಿನಲ್ಲೇ ಅಂಕ ಕಡಿಮೆಯಿದ್ದರೆ ಮಾತ್ರ ಮುಂದಿನದು. "ಏನೂ ಆಗುವುದಿಲ್ಲ" ಎಂದು ಪದೇ ಪದೇ ಹೇಳುವುದು, ಎತ್ತಿಕೊಳ್ಳುವುದು ಬೇಡ (ಅಜ್ಜಿಯರಿಗೆ ಇದು ಕಷ್ಟವೇ).

ಲಸಿಕೆ ಹಾಕಿಸಿದ ಸಾಕುನಾಯಿಯನ್ನೇ ಬಳಸಿರಿ. ಹುಬ್ಬಳ್ಳಿಯ ಓಣಿಯ ನಾಯಿಗಳಿಂದ ದೂರವಿರುವುದು ಭಯವಲ್ಲ, ಜಾಣತನ. ನಾಯಿಯ ಭಯದಿಂದ ಶಾಲೆಯನ್ನೇ ಬಿಟ್ಟಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ತೋರಿಸಿರಿ.